ಫೋನಿನ ಆ ದನಿ ಯಾರದೆಂದು ನಮಗೆ ಮೊದಲೇ ಹೇಳಬೇಡಿ

ಸಿನಿಮಾ ಮತ್ತು ಸರಣಿಗಳಿಗೆ ಕ್ಯಾಪ್ಷನ್ ಬರೆಸುವ, ಅದಕ್ಕೆ ಒಪ್ಪಿಗೆ ಕೊಡುವ ಎಲ್ಲರಿಗೂ ನಮಸ್ಕಾರ.

ನನಗೆ ಕಿವಿ ಮಂದ. ಶ್ರವಣ ಸಾಧನ ಹಾಕಿಕೊಂಡರೆ ದನಿ ಬರುತ್ತದೆ, ಆದರೆ ಮಾತು ಬಿಡಿಸಿ ಕೇಳಿಸುವುದಿಲ್ಲ. ಹಾಗಾಗಿ ಏನು ನೋಡಿದರೂ ಕ್ಯಾಪ್ಷನ್ ಓದಿಕೊಂಡೇ ನೋಡುತ್ತೇನೆ. ನನ್ನ ಕೆಲಸವೂ ಅದಕ್ಕೇ ಸೇರಿದ್ದು. ಬೇರೆಯವರು ಬರೆದ ಕ್ಯಾಪ್ಷನ್ ಫೈಲುಗಳನ್ನು ಓದಿ, ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ತಪ್ಪು ಅರ್ಥ ಬಂತು ಎಂದು ಗುರುತು ಹಾಕಿ ಕೊಡುತ್ತೇನೆ. ನೀವು ಕಳಿಸುವ ಫೈಲುಗಳಲ್ಲಿ ಮಾತುಗಳು ಈಗ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಕೆಡುವುದು ಚೌಕ ಬ್ರಾಕೆಟ್ಟಿನ ಒಳಗೆ. ಯಾರು ಮಾತಾಡಿದರು, ಯಾವ ಸದ್ದು ಬಂತು ಎಂದು ಹೇಳುವ ಆ ಪುಟ್ಟ ಸಾಲುಗಳ ಬಗ್ಗೆ ಮಾತ್ರ ಈ ಪತ್ರ.

ನಾನು ಕೇಳುವುದು ಒಂದೇ. ಕಿವಿ ಕೇಳುವ ನೋಡುಗರಿಗೆ ಒಂದು ಕ್ಷಣದಲ್ಲಿ ಎಷ್ಟು ಗೊತ್ತಾಗುತ್ತದೋ ನಮಗೂ ಅದೇ ಕ್ಷಣದಲ್ಲಿ ಅಷ್ಟೇ ಗೊತ್ತಾಗಬೇಕು. ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ಕಡಿಮೆಯಾದರೆ ಕಥೆ ಕೈತಪ್ಪುತ್ತದೆ ಅನ್ನುವುದು ನಿಮಗೆಲ್ಲ ಗೊತ್ತು. ಜಾಸ್ತಿಯಾದರೂ ಕಥೆ ಕೆಡುತ್ತದೆ ಅನ್ನುವುದನ್ನು ಯಾರೂ ಅಷ್ಟಾಗಿ ಯೋಚಿಸಿದಂತೆ ಕಾಣುವುದಿಲ್ಲ.

ಒಂದು ದೃಶ್ಯ ಇಟ್ಟುಕೊಂಡು ಮಾತಾಡೋಣ. ಇದು ನಾನೇ ಕಟ್ಟಿದ ದೃಶ್ಯ. ಆದರೆ ಇದರಲ್ಲಿರುವ ಒಂದೊಂದು ತಪ್ಪನ್ನೂ ನಿಜವಾದ ಫೈಲುಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ರಾತ್ರಿ. ವಸುಧಾ ಒಬ್ಬಳೇ ಮೇಜಿನ ಮುಂದೆ ಕೂತು ಕಾಗದ ಓದುತ್ತಿದ್ದಾಳೆ. ಕಿಟಕಿಯ ಗಾಜಿನ ಮೇಲೆ ಮಳೆ ನೀರು ಇಳಿಯುತ್ತಿದೆ. ಒಳಕೋಣೆಯಲ್ಲಿ ಎಲ್ಲೋ ರೇಡಿಯೊ ಹಾಡುತ್ತಿದೆ, ಅದು ಪರದೆಯಲ್ಲಿ ಕಾಣುವುದಿಲ್ಲ. ಹದಿನೈದನೇ ಸೆಕೆಂಡಿಗೆ ಫೋನ್ ರಿಂಗಾಗುತ್ತದೆ. ಅವಳು ಎತ್ತುತ್ತಾಳೆ. ಆ ಕಡೆಯಿಂದ ಒಬ್ಬ ಗಂಡಸು, "ಯಜಮಾನರು ಇದ್ದಾರಾ?" ಎಂದು ಕೇಳುತ್ತಾನೆ. "ಇಲ್ಲ. ಯಾರು ಮಾತಾಡೋದು?" ಎನ್ನುತ್ತಾಳೆ. ಉತ್ತರ ಇಲ್ಲ, ಬರೀ ಉಸಿರಾಟ. ಅಷ್ಟರಲ್ಲಿ ಒಳಗಿನ ರೇಡಿಯೊ ಥಟ್ಟನೆ ನಿಲ್ಲುತ್ತದೆ. ಈಗ ಕ್ಯಾಮೆರಾ ಅವಳ ಬೆನ್ನ ಹಿಂದೆ ಇದೆ. ಅವಳ ದನಿ ನಡುಗುತ್ತದೆ. "ಮನೇಲಿ ಯಾರೂ ಇಲ್ಲ" ಎನ್ನುತ್ತಾಳೆ. ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಹಿಂದಿನ ಬಾಗಿಲು ಕಿರ್ರ್ ಎನ್ನುತ್ತದೆ.

ಫೋನಿನಲ್ಲಿ ಮಾತಾಡಿದವನು ಗಿರೀಶ, ಅವಳ ಮೈದುನ. ನೋಡುಗರಿಗೆ ಅದು ತಿಳಿಯುವುದು ನಾಲ್ಕನೇ ಕಂತಿನಲ್ಲಿ.

ಈ ದೃಶ್ಯಕ್ಕೆ ಸಾಮಾನ್ಯವಾಗಿ ಬರುವ ಕ್ಯಾಪ್ಷನ್ ಹೀಗಿರುತ್ತದೆ:

```
[ಸಂಗೀತ]
[ಫೋನ್ ಸದ್ದು]
[ಗಿರೀಶ] ಯಜಮಾನರು ಇದ್ದಾರಾ?
ಇಲ್ಲ. ಯಾರು ಮಾತಾಡೋದು?
ಮನೇಲಿ ಯಾರೂ ಇಲ್ಲ. [ಬಾಗಿಲ ಸದ್ದು]
```

ಮೂರನೇ ಸಾಲಿನಿಂದ ಶುರು ಮಾಡುತ್ತೇನೆ. ನಿರ್ದೇಶಕರು ನಾಲ್ಕು ಕಂತು ಕಾದಿಟ್ಟ ಗುಟ್ಟು ನಮಗೆ ಹತ್ತೊಂಬತ್ತನೇ ಸೆಕೆಂಡಿಗೇ ಬಯಲಾಯಿತು. ಪಕ್ಕದಲ್ಲಿ ಕೂತು ನೋಡುವ ಅಣ್ಣನಿಗೆ ಅದು ಯಾರೋ ಗಂಡಸು, ನನಗೆ ಗಿರೀಶ. ಇಬ್ಬರೂ ಬೇರೆ ಬೇರೆ ಕಥೆ ನೋಡುತ್ತಿದ್ದೇವೆ.

ಇದು ಯಾಕೆ ಆಗುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು. ಕ್ಯಾಪ್ಷನ್ ಬರೆಯುವವರ ಕೈಗೆ ನೀವು ಡೈಲಾಗ್ ಲಿಸ್ಟ್ ಕೊಡುತ್ತೀರಿ. ಅದರಲ್ಲಿ ಪ್ರತಿ ಮಾತಿನ ಎಡಕ್ಕೂ ಪಾತ್ರದ ಹೆಸರು ಇರುತ್ತದೆ. ಡಬ್ಬಿಂಗಿನಂಥ ಕೆಲಸಗಳಿಗೆ ಆ ಹೆಸರು ಬೇಕು. ಆದರೆ ಬರೆಯುವವರು ಒಂದೊಂದೇ ಕಂತು ನೋಡುತ್ತಾ ಹೋಗುತ್ತಾರೆ, ಮುಂದಿನದು ಕೈಗೆ ಬಂದಿರುವುದಿಲ್ಲ. ಲಿಸ್ಟಿನಲ್ಲಿ ಗಿರೀಶ ಎಂದಿದೆ, ಅವರೂ ಗಿರೀಶ ಎಂದೇ ಬರೆಯುತ್ತಾರೆ. ಅದು ಗುಟ್ಟು ಎಂದು ಅವರಿಗೆ ಹೇಳಿದವರೇ ಇಲ್ಲ.

ಹಾಗಾದರೆ ಏನು ಬರೆಯಬೇಕು? `[ಫೋನ್‌ನಲ್ಲಿ ಗಂಡಸು]` ಸಾಕು. ದನಿ ಗಂಡಸಿನದು, ಫೋನಿನಿಂದ ಬರುತ್ತಿದೆ. ಕಿವಿ ಕೇಳುವವರಿಗೂ ಗೊತ್ತಾಗುವುದು ಅಷ್ಟೇ. ಅದೇ ದನಿ ಎರಡನೇ ಕಂತಿನಲ್ಲಿ ಮತ್ತೆ ಬಂದರೆ ಲೇಬಲ್ ಒಂದಕ್ಷರವೂ ಬದಲಾಗಬಾರದು. ಒಮ್ಮೆ "ಗಂಡಸು", ಇನ್ನೊಮ್ಮೆ "ಅಪರಿಚಿತ" ಎಂದು ಬರೆದರೆ ನಾವು ಇಬ್ಬರು ಬೇರೆ ಬೇರೆ ಜನ ಎಂದುಕೊಳ್ಳುತ್ತೇವೆ. ದನಿ ಒಂದೇ ಅನ್ನುವುದನ್ನು ನಿಮ್ಮ ಕಿವಿ ಹೇಳುತ್ತದೆ, ನಮಗೆ ಹೇಳಬೇಕಾದ್ದು ಲೇಬಲ್. ನಾಲ್ಕನೇ ಕಂತಿನಲ್ಲಿ ಮುಖ ಕಂಡಮೇಲೆ, ಅದೂ ಯಾರಾದರೂ ಅವನನ್ನು ಹೆಸರು ಹಿಡಿದು ಕರೆದಮೇಲೆ, ಲೇಬಲ್ಲಿನಲ್ಲಿ ಗಿರೀಶ ಬರಲಿ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಗಿರೀಶ ಮೊದಲ ಕಂತಿನಲ್ಲೇ ಬೇರೊಂದು ದೃಶ್ಯದಲ್ಲಿ ಮಾತಾಡಿದ್ದಾನೆ ಅಂದುಕೊಳ್ಳಿ. ಆಗ ಸೂಕ್ಷ್ಮವಾಗಿ ಕೇಳುವವರಿಗೆ, "ಈ ದನಿ ಎಲ್ಲೋ ಕೇಳಿದಂತಿದೆಯಲ್ಲ" ಅನ್ನಿಸಬಹುದು. ಆ ಅನುಮಾನ ನಮಗೂ ಸಿಗಬೇಕಾ? ನಿರ್ದೇಶಕರು ಆ ಸುಳಿವನ್ನು ಬೇಕೆಂದೇ ಇಟ್ಟಿದ್ದರೆ ಸಿಗಬೇಕು. `[ಫೋನ್‌ನಲ್ಲಿ ಪರಿಚಿತ ದನಿ]` ಎಂದು ಬರೆಯಬಹುದು. ದನಿ ಗುರುತು ಸಿಗದ ಹಾಗೆ ಅದನ್ನು ಬದಲಾಯಿಸಿದ್ದರೆ ಸಿಗಬಾರದು. ಬರೀ ವಿಡಿಯೊ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ, ನಿರ್ದೇಶಕರನ್ನೇ ಕೇಳಬೇಕು. ಆದರೆ ನಾನು ಕಂಡ ಕ್ಯಾಪ್ಷನ್ ಬರೆಯುವವರಲ್ಲಿ ಹೆಚ್ಚಿನವರಿಗೆ ನಿರ್ದೇಶಕರ ಕಡೆಯ ಒಬ್ಬರ ನಂಬರು ಕೂಡ ಇರುವುದಿಲ್ಲ. ಕೇಳಲು ದಾರಿಯಿಲ್ಲದೆ ಊಹಿಸಿ ಬರೆಯುತ್ತಾರೆ.

ಈಗ ನಾಲ್ಕನೇ ಸಾಲು. ವಸುಧಾ ಮಾತಾಡುವಾಗ ಲೇಬಲ್ ಇಲ್ಲ. ಅದು ಸರಿಯಾಗಿಯೇ ಇದೆ. ಅವಳ ಮುಖ ಎದುರಿಗಿದೆ, ತುಟಿ ಅಲ್ಲಾಡುವುದು ಕಾಣುತ್ತದೆ. ಕಾಣುವುದನ್ನು ಮತ್ತೆ ಬರೆದರೆ ಓದುವ ಸಮಯ ಸುಮ್ನೆ ಹೋಗುತ್ತದೆ. ಅಮೆರಿಕದಲ್ಲಿ ಟಿವಿ, ದೂರಸಂಪರ್ಕಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 2014ರಲ್ಲಿ ಟಿವಿ ಕ್ಯಾಪ್ಷನ್‌ಗಳ ಗುಣಮಟ್ಟಕ್ಕೆ ನಿಯಮ ಮಾಡಿತು. ಯಾರು ಮಾತಾಡುತ್ತಿದ್ದಾರೆ, ಸಂಗೀತ ಇದೆಯೇ, ಯಾವ ಸದ್ದು, ಸಭಿಕರು ಏನು ಮಾಡಿದರು, ಇವೆಲ್ಲ ನೋಡಿದರೆ ತಿಳಿಯದಿದ್ದಾಗ ಕ್ಯಾಪ್ಷನ್ ತಿಳಿಸಬೇಕು ಎಂದು ಅದರಲ್ಲಿದೆ. ನೋಡಿದರೆ ತಿಳಿಯದಿದ್ದಾಗ ಅನ್ನುವ ಆ ಷರತ್ತೇ ಇಡೀ ಕೆಲಸದ ಜೀವ. ಅದನ್ನು ಹಿಡಿದುಕೊಂಡರೆ ಬಹಳಷ್ಟು ತೀರ್ಮಾನಗಳು ಸುಲಭವಾಗುತ್ತವೆ.

ಉದಾಹರಣೆಗೆ ಮಳೆ. ಗಾಜಿನ ಮೇಲೆ ನೀರು ಇಳಿಯುವುದು ಕಾಣುತ್ತಿದೆ, ಹಾಗಾಗಿ ಬರೆಯದಿದ್ದರೂ ನಡೆಯುತ್ತದೆ. ಫ್ರಿಜ್ಜಿನ ಗುಂಯ್ ಸದ್ದು ಇದ್ದರೆ ಅದೂ ಬೇಡ, ಕಥೆಗೂ ಅದಕ್ಕೂ ಸಂಬಂಧವಿಲ್ಲ. ಕೇಳಿಸಿದ್ದನ್ನೆಲ್ಲ ಬರೆಯುವ ಉತ್ಸಾಹವಿರುವವರು ಇದ್ದಾರೆ. ಅವರ ಫೈಲಿನಲ್ಲಿ ಎರಡು ಸೆಕೆಂಡಿಗೊಂದು ಬ್ರಾಕೆಟ್ ಬರುತ್ತದೆ. ಓದುತ್ತಾ ಓದುತ್ತಾ ನಾನು ನಟಿಯ ಮುಖ ನೋಡುವುದನ್ನೇ ಬಿಟ್ಟಿರುತ್ತೇನೆ.

ಆದರೆ ರೇಡಿಯೊ ಹಾಗಲ್ಲ. ಈ ದೃಶ್ಯದಲ್ಲಿ ಭಯ ಹುಟ್ಟುವುದೇ ಅಲ್ಲಿಂದ. ಒಳಕೋಣೆಯ ರೇಡಿಯೊ ತಾನಾಗಿ ನಿಲ್ಲುವುದಿಲ್ಲ, ಯಾರೋ ನಿಲ್ಲಿಸಿದ್ದಾರೆ. ಅಂದರೆ ಮನೆಯೊಳಗೆ ಯಾರೋ ಇದ್ದಾರೆ. ವಸುಧಾಳ ದನಿ ನಡುಗಿದ್ದು ಅದಕ್ಕೇ. ಮೇಲಿನ ಫೈಲಿನಲ್ಲಿ ಇದರ ಸುಳಿವೇ ಇಲ್ಲ. ಮೊದಲಿಗೆ `[ಸಂಗೀತ]` ಎಂದಿದೆ, ಆಮೇಲೆ ಏನೂ ಇಲ್ಲ. ನಾನು ಅದನ್ನು ಓದಿ, ಹಿನ್ನೆಲೆ ಸಂಗೀತ ಇರಬೇಕು ಅಂದುಕೊಂಡು ಮುಂದೆ ಹೋಗುತ್ತೇನೆ. ಅವಳಿಗೆ ಯಾಕೆ ಹೆದರಿಕೆಯಾಯಿತು ಎಂದೇ ನನಗೆ ತಿಳಿಯುವುದಿಲ್ಲ.

ಸದ್ದು ನಿಲ್ಲುವುದೂ ಒಂದು ಸದ್ದು. ಅದಕ್ಕೂ ಕ್ಯಾಪ್ಷನ್ ಬೇಕು. ಆದರೆ `[ರೇಡಿಯೊ ನಿಲ್ಲುತ್ತದೆ]` ಎಂದು ಇಪ್ಪತ್ತೆಂಟನೇ ಸೆಕೆಂಡಿನಲ್ಲಿ ಬರೆದರಷ್ಟೇ ಸಾಲದು. ರೇಡಿಯೊ ಇತ್ತು ಎಂದು ಮೊದಲೇ ಹೇಳಿರಬೇಕು, ಎಲ್ಲಿತ್ತು ಎಂದೂ ಹೇಳಿರಬೇಕು. ದೃಶ್ಯದ ಶುರುವಿನಲ್ಲಿ `[ಒಳಕೋಣೆಯ ರೇಡಿಯೊದಲ್ಲಿ ಹಳೆಯ ಹಾಡು]` ಎಂದು ಬಂದರೆ ಮಾತ್ರ ಆಮೇಲಿನ ಸಾಲಿಗೆ ಅರ್ಥ. ಅಂದರೆ ಕೊನೆ ಗೊತ್ತಿದ್ದವರು ಮಾತ್ರ ಮೊದಲ ಸಾಲನ್ನು ಸರಿಯಾಗಿ ಬರೆಯಬಲ್ಲರು. ಒಮ್ಮೆ ಪೂರ್ತಿ ನೋಡಿ ಆಮೇಲೆ ಬರೆಯಲು ಕೂರುವಷ್ಟು ಸಮಯ ಕೊಡಿ ಎಂದು ನಾನು ಕೇಳುವುದು ಇದಕ್ಕೇ.

`[ಸಂಗೀತ]` ಅನ್ನುವ ಒಂಟಿ ಪದದ ಬಗ್ಗೆ ನನಗೆ ನಿಜವಾದ ಸಿಟ್ಟಿದೆ. ಪಾತ್ರಗಳಿಗೂ ಕೇಳಿಸುವ ಸಂಗೀತ ಬೇರೆ, ನೋಡುಗರಿಗೆ ಮಾತ್ರ ಕೇಳಿಸುವ ಹಿನ್ನೆಲೆ ಸಂಗೀತ ಬೇರೆ. ಈ ಪದ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಮೊದಲನೆಯದಾದರೆ ಎಲ್ಲಿಂದ ಬರುತ್ತಿದೆ ಎಂದು ಹೇಳಿ. ಎರಡನೆಯದಾದರೆ ಅದು ಏನು ಮಾಡುತ್ತಿದೆ ಎಂದು ಹೇಳಿ: ನಿಧಾನವಾಗಿ ಏರುತ್ತಿದೆಯೇ, ತಟ್ಟನೆ ಕಡಿಯಿತೇ. ಹಾಡಿನ ಮಾತುಗಳಿಗೆ ಕಥೆಯಲ್ಲಿ ಅರ್ಥವಿದ್ದರೆ ಮಾತುಗಳನ್ನೇ ಬರೆಯಿರಿ. "ದುಃಖದ ಸಂಗೀತ" ಎಂದು ಬರೆಯುವಾಗಲೂ ಸ್ವಲ್ಪ ತಡೆಯಿರಿ. ಒಂಟಿ ಕೊಳಲು, ನಿಧಾನವಾದ ಪಿಯಾನೊ ಎಂದರೆ ನಾನೇ ಅನುಭವಿಸಬಹುದು. ದುಃಖಪಡು ಎಂದು ಹೇಳಿಸಿಕೊಳ್ಳುವುದು ಬೇರೆ.

ಇನ್ನು ಕೊನೆಯ ಸಾಲು. `ಮನೇಲಿ ಯಾರೂ ಇಲ್ಲ. [ಬಾಗಿಲ ಸದ್ದು]`. ಮಾತು ಬಂದದ್ದು ಮೂವತ್ತೊಂದನೇ ಸೆಕೆಂಡಿಗೆ, ಬಾಗಿಲು ಕಿರ್ರೆಂದದ್ದು ಮೂವತ್ತೈದಕ್ಕೆ. ಎರಡನ್ನೂ ಒಂದೇ ಕ್ಯಾಪ್ಷನ್ನಿನಲ್ಲಿ ಹಾಕಿದ್ದರಿಂದ ಅವಳು ಬಾಯಿ ತೆರೆಯುವಾಗಲೇ ನಾನು ಬಾಗಿಲನ್ನು ಓದಿ ಆಗಿದೆ. ಆ ಮೂರು ಸೆಕೆಂಡಿನ ಮೌನಕ್ಕೆ ಎಡಿಟರ್ ಎಷ್ಟು ಕಷ್ಟಪಟ್ಟಿರುತ್ತಾರೋ. ನನ್ನ ಪಾಲಿಗೆ ಆ ಮೌನ ಇಲ್ಲವೇ ಇಲ್ಲ.

ಇದಕ್ಕೂ ಒಂದು ಕಾರಣವಿದೆ. ಹೆಚ್ಚಿನ ಕಡೆ ಮೊದಲು ಸಬ್‌ಟೈಟಲ್ ಫೈಲ್ ತಯಾರಾಗುತ್ತದೆ, ಮಾತಿಗೆ ತಕ್ಕಂತೆ ಸಮಯ ಕೂರಿಸಿರುತ್ತಾರೆ. ಆಮೇಲೆ ಅದೇ ಫೈಲಿಗೆ ಸದ್ದುಗಳನ್ನು ತುಂಬಿಸಿ ಎಂದು ಇನ್ನೊಬ್ಬರಿಗೆ ಕೊಡುತ್ತಾರೆ. ಇರುವ ಕ್ಯಾಪ್ಷನ್ನುಗಳ ಸಮಯ ಬದಲಾಯಿಸುವಂತಿಲ್ಲ, ಹೊಸದು ಸೇರಿಸುವಂತಿಲ್ಲ ಎಂಬ ಕಟ್ಟುಪಾಡೂ ಇರುತ್ತದೆ. ಅವರು ಪಾಪ ಇರುವ ಸಾಲಿನ ಬಾಲಕ್ಕೆ ಬಾಗಿಲನ್ನು ಅಂಟಿಸುತ್ತಾರೆ. ಸದ್ದಿಗೆ ಅದರದೇ ಕ್ಯಾಪ್ಷನ್, ಅದರದೇ ಸಮಯ ಬೇಕು. ಹೊಡೆತ, ಗುಂಡು, ಕಿರುಚಾಟದಂಥ ಹಠಾತ್ ಸದ್ದುಗಳಲ್ಲಂತೂ ಕ್ಯಾಪ್ಷನ್ ಸದ್ದಿಗಿಂತ ಅರ್ಧ ಸೆಕೆಂಡು ಮೊದಲು ಬಂದರೂ ಕೆಲಸ ಕೆಟ್ಟಿತು.

ಹಾಗಾದರೆ ಆ ದೃಶ್ಯ ಹೀಗಿರಲಿ. ಒಂದೊಂದು ಸಾಲೂ ಬೇರೆ ಬೇರೆ ಕ್ಯಾಪ್ಷನ್, ಎಡಗಡೆ ಇರುವುದು ಸೆಕೆಂಡು:

```
02  [ಒಳಕೋಣೆಯ ರೇಡಿಯೊದಲ್ಲಿ ಹಳೆಯ ಹಾಡು]
15  [ಫೋನ್ ರಿಂಗಾಗುತ್ತಿದೆ]
19  [ಫೋನ್‌ನಲ್ಲಿ ಗಂಡಸು] ಯಜಮಾನರು ಇದ್ದಾರಾ?
22  ಇಲ್ಲ. ಯಾರು ಮಾತಾಡೋದು?
25  [ಫೋನ್‌ನಲ್ಲಿ ಉಸಿರಾಟ]
28  [ರೇಡಿಯೊ ನಿಲ್ಲುತ್ತದೆ]
31  [ನಡುಗುವ ದನಿ] ಮನೇಲಿ ಯಾರೂ ಇಲ್ಲ.
35  [ಹಿಂದೆ ಬಾಗಿಲು ಕಿರ್ರೆನ್ನುತ್ತದೆ]
```

ಮೂವತ್ತೊಂದನೇ ಸೆಕೆಂಡಿನಲ್ಲಿ "ನಡುಗುವ ದನಿ" ಯಾಕೆ ಎಂದರೆ ಕ್ಯಾಮೆರಾ ಬೆನ್ನ ಹಿಂದಿದೆ. ಮುಖ ಕಾಣುತ್ತಿದ್ದರೆ, ಆ ಮುಖದಲ್ಲಿ ಹೆದರಿಕೆ ಇದ್ದರೆ, ನಾನು ಅದನ್ನು ಬರೆಯುತ್ತಿರಲಿಲ್ಲ. ಹದಿನೈದರಲ್ಲಿ "ರಿಂಗಾಗುತ್ತಿದೆ", ಇಪ್ಪತ್ತೆಂಟರಲ್ಲಿ "ನಿಲ್ಲುತ್ತದೆ" ಎಂದಿರುವುದೂ ಬೇಕೆಂದೇ. ಫೋನ್ ಬಡಿದುಕೊಳ್ಳುತ್ತಲೇ ಇದೆ, ರೇಡಿಯೊ ಒಂದೇ ಸಲ ನಿಂತಿತು. ಸದ್ದು ಮುಂದುವರಿಯುತ್ತಿದೆಯೋ ಒಮ್ಮೆ ಬಂದು ಹೋಯಿತೋ ಎನ್ನುವುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ, ಬೇರೆ ಪದ ಖರ್ಚಾಗುವುದಿಲ್ಲ.

"ಕಿರ್ರ್" ಬಗ್ಗೆ ಒಂದು ಮಾತು. ಕನ್ನಡದಲ್ಲಿ ಸದ್ದಿನ ಪದಗಳಿಗೆ ಬರವಿಲ್ಲ. ದಬದಬ, ಸರಸರ, ಧಡಾರ್, ಪಟಪಟ. ಬಳಸಿ, ಖುಷಿಯಾಗುತ್ತದೆ. ನಡುವಯಸ್ಸಿನಲ್ಲಿ ಕಿವಿ ಕಳೆದುಕೊಂಡವರಿಗೆ ಆ ಪದ ಓದಿದರೆ ಸದ್ದು ನೆನಪಿಗೆ ಬರುತ್ತದೆ. ಆದರೆ ಹುಟ್ಟಿನಿಂದಲೇ ಕಿವುಡರಾದವರಿಗೆ ಬರೀ `[ಕಿರ್ರ್]` ಎಂದರೆ ಏನೂ ತಿಳಿಯದಿರಬಹುದು. ಅವರಿಗೆ ಬೇಕಿರುವುದು ಬಾಗಿಲು. ಸದ್ದು ಮಾಡಿದ ವಸ್ತು ಇರಲೇಬೇಕು, ಸದ್ದಿನ ಪದ ಅದರ ಜೊತೆಗೆ ಬರಲಿ.

ಇನ್ನು ಕನ್ನಡದಲ್ಲಿ ಕ್ಯಾಪ್ಷನ್ ಬರೆಸುವವರಿಗೇ ಸಂಬಂಧಿಸಿದ ಕೆಲವು ತಾಂತ್ರಿಕ ಮಾತುಗಳು. ಇಂಗ್ಲಿಷಿನ ನಿಯಮಗಳನ್ನು ಹಾಗೇ ತಂದು ಹಾಕುವುದರಿಂದ ಲೇಬಲ್‌ಗಳಿಗೆ ಪೆಟ್ಟು ಬೀಳುತ್ತಿದೆ.

ಇಂಗ್ಲಿಷಿನಲ್ಲಿ ಸದ್ದನ್ನು ದೊಡ್ಡಕ್ಷರದಲ್ಲಿ ಬರೆಯುವ ರೂಢಿ ಇದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬುದಿಲ್ಲ. ಕಾಣದವರ ಮಾತನ್ನು ವಾಲಿದ ಅಕ್ಷರದಲ್ಲಿ ತೋರಿಸುವುದೂ ಇದೆ. ಕನ್ನಡ ಅಕ್ಷರಗಳು ದುಂಡಗಿರುವುದರಿಂದ ಚಿಕ್ಕ ಪರದೆಯಲ್ಲಿ ಆ ವಾಲು ಕಣ್ಣಿಗೆ ಬೀಳುವುದೇ ಕಷ್ಟ. ಬಿಬಿಸಿ ಬಿಳಿ, ಹಳದಿ, ತಿಳಿನೀಲಿ, ಹಸಿರು ಬಣ್ಣಗಳಿಂದ ಮಾತಾಡುವವರನ್ನು ಬೇರೆ ಮಾಡುತ್ತದೆ. ಅದು ಒಳ್ಳೆಯ ಪದ್ಧತಿ. ಆದರೆ ಬಣ್ಣವನ್ನು ಉಳಿಸಿಕೊಳ್ಳದ ಪ್ಲೇಯರುಗಳೂ ಇವೆ, ಬಣ್ಣಗುರುಡು ಇರುವ ನೋಡುಗರೂ ಇದ್ದಾರೆ. ಹಾಗಾಗಿ ಕನ್ನಡಕ್ಕೆ ಚೌಕ ಬ್ರಾಕೆಟ್ಟಿನೊಳಗೆ ಬರೆದ ಹೆಸರೇ ಗಟ್ಟಿ ಎಂಬುದು ನನ್ನ ಅಭಿಪ್ರಾಯ.

ವೆಬ್‌ನಲ್ಲಿ ಇನ್ನೊಂದು ಬಲೆ ಇದೆ. ಅಲ್ಲಿ ಬಳಸುವ ವೆಬ್‌ವಿಟಿಟಿ ಫೈಲಿನಲ್ಲಿ ಮಾತಾಡುವವರನ್ನು ಗುರುತಿಸಲು ಒಂದು ಟ್ಯಾಗ್ ಇದೆ:

```
00:00:22.000 --> 00:00:24.200
<v ವಸುಧಾ>ಇಲ್ಲ. ಯಾರು ಮಾತಾಡೋದು?
```

ಇದನ್ನು ಹಾಕಿ, ಲೇಬಲ್ ಆಯಿತು ಎಂದುಕೊಳ್ಳುವವರಿದ್ದಾರೆ. ಟ್ಯಾಗಿನೊಳಗಿನ ಹೆಸರನ್ನು ಬ್ರೌಸರ್ ತಾನಾಗಿ ಪರದೆಯ ಮೇಲೆ ತೋರಿಸುವುದಿಲ್ಲ. ಬೇರೆ ಬೇರೆ ಪಾತ್ರಕ್ಕೆ ಬೇರೆ ಬಣ್ಣ ಕೊಡಲು ಅದು ಉಪಯೋಗಕ್ಕೆ ಬರುತ್ತದೆ, ಅಷ್ಟೇ. ನನಗೆ ಕಾಣುವುದು ಬರೀ ಮಾತು. ಹೆಸರು ಕಾಣಲೇಬೇಕಾದ ಜಾಗದಲ್ಲಿ ಅದನ್ನು ಬ್ರಾಕೆಟ್ ಹಾಕಿ ಸಾಲಿನಲ್ಲೇ ಬರೆಯಬೇಕು. ಫೈಲನ್ನು ಎಡಿಟರಿನಲ್ಲಿ ತೆರೆದು ನೋಡಿದರೆ ಈ ತಪ್ಪು ಸಿಗುವುದಿಲ್ಲ, ಪ್ಲೇಯರಿನಲ್ಲಿ ಓಡಿಸಿದರೆ ಮೊದಲ ನಿಮಿಷದಲ್ಲೇ ಸಿಗುತ್ತದೆ.

ಮೂರನೆಯದು ಅಕ್ಷರದ ಲೆಕ್ಕ. ಸಾಲಿಗೆ ಇಷ್ಟೇ ಅಕ್ಷರ, ಸೆಕೆಂಡಿಗೆ ಇಷ್ಟೇ ಅಕ್ಷರ ಎಂಬ ಮಿತಿ ಇರುವುದು ಓದಲು ಸಮಯ ಸಿಗಲಿ ಎಂದು. ನೆಟ್‌ಫ್ಲಿಕ್ಸ್‌ನ ಇಂಗ್ಲಿಷ್ ಮಾರ್ಗಸೂಚಿಯಲ್ಲಿ ಸಾಲಿಗೆ 42 ಅಕ್ಷರ. ಈ ಅಂಕಿಯನ್ನು ಕನ್ನಡಕ್ಕೂ ಹಾಗೇ ಹಾಕಿದರೆ ಏನಾಗುತ್ತದೆ ನೋಡಿ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ. ಒತ್ತಕ್ಷರ, ಗುಣಿತದ ಗುರುತುಗಳನ್ನೆಲ್ಲ ಬೇರೆ ಬೇರೆ ಯೂನಿಕೋಡ್ ಚಿಹ್ನೆಗಳಾಗಿ ಎಣಿಸುವ ಸಾಫ್ಟ್‌ವೇರಿಗೆ ಅದು 6. `[ಫೋನ್‌ನಲ್ಲಿ ಗಂಡಸು]` ಎಂಬ ಲೇಬಲ್ಲಿನಲ್ಲಿ ನಾವು ಓದುವುದು 7 ಅಕ್ಷರ, ಅದು ಬ್ರಾಕೆಟ್ಟು, ಖಾಲಿ ಜಾಗ ಎಲ್ಲ ಸೇರಿಸಿ ಎಣಿಸುವುದು 18. ಮಾತಿನ ಜೊತೆ ಇದೂ ಸೇರಿದ ಕೂಡಲೇ ಪರದೆಯಲ್ಲಿ ಕೆಂಪು ಗುರುತು ಬರುತ್ತದೆ, ಮಿತಿ ಮೀರಿತು ಎಂದು. ಬರೆಯುವವರು ಮಾತನ್ನು ಕತ್ತರಿಸುವಂತಿಲ್ಲ. ಲೇಬಲ್ ಕತ್ತರಿಸುತ್ತಾರೆ. ಕನ್ನಡ ಫೈಲುಗಳಲ್ಲಿ ಲೇಬಲ್‌ಗಳು ಕಾಣೆಯಾಗುವುದಕ್ಕೆ ಸೋಮಾರಿತನ ಕಾರಣ ಎಂದು ಎಷ್ಟೋ ಜನ ತಿಳಿದಿದ್ದಾರೆ. ನಾನು ತಿದ್ದಿದ ಫೈಲುಗಳಲ್ಲಿ ಈ ಕೆಂಪು ಗುರುತೇ ಹೆಚ್ಚು ಸಲ ಕಾರಣವಾಗಿತ್ತು. ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸುವ ಮಿತಿಯನ್ನು ಕನ್ನಡಕ್ಕೆ ಬೇರೆಯಾಗಿ ಗೊತ್ತುಮಾಡಿ. ಅಲ್ಲಿಯವರೆಗೆ ಲೇಬಲ್ ಇರುವ ಸಾಲುಗಳಿಗೆ ಆ ಕೆಂಪು ಗುರುತಿನಿಂದ ವಿನಾಯಿತಿ ಕೊಡಿ.

ನಿಮ್ಮಿಂದ ಆಗಬೇಕಾದ್ದು ಏನು ಎಂದು ಈಗ ನೇರವಾಗಿ ಹೇಳುತ್ತೇನೆ.

ಡೈಲಾಗ್ ಲಿಸ್ಟ್ ಜೊತೆ ಒಂದು ಪುಟದ ಟಿಪ್ಪಣಿ ಕೊಡಿ. ಯಾವ ಪಾತ್ರದ ಹೆಸರು ಯಾವ ಕಂತಿನ ಯಾವ ನಿಮಿಷದಲ್ಲಿ ನೋಡುಗರಿಗೆ ತಿಳಿಯುತ್ತದೆ, ಅಲ್ಲಿಯವರೆಗೆ ಅವರನ್ನು ಏನೆಂದು ಕರೆಯಬೇಕು, ಇಷ್ಟು ಅದರಲ್ಲಿರಲಿ. ಸೌಂಡ್ ಡಿಸೈನರ್ ಕಡೆಯಿಂದಲೂ ನಾಲ್ಕು ಸಾಲು ಬರೆಸಿ: ಕಥೆಗೆ ಬೇಕೆಂದೇ ಇಟ್ಟ ಸದ್ದುಗಳು ಯಾವುವು, ಬೇಕೆಂದೇ ತೆಗೆದ ಸದ್ದುಗಳು ಯಾವುವು. ಮಿಕ್ಸಿಂಗ್ ಮುಗಿಯುವ ಹೊತ್ತಿಗೆ ಅವರಿಗೆ ಇದೆಲ್ಲ ಬಾಯಿಪಾಠವಾಗಿರುತ್ತದೆ. ಅನುಮಾನ ಬಂದಾಗ ಕೇಳಲು ಒಬ್ಬರ ನಂಬರು ಕೊಡಿ. ಸದ್ದಿಗೆ ಹೊಸ ಕ್ಯಾಪ್ಷನ್ ಸೇರಿಸುವ, ಸಮಯ ಬದಲಾಯಿಸುವ ಸ್ವಾತಂತ್ರ್ಯ ಬರೆಯುವವರಿಗೆ ಇರಲಿ.

ಆಮೇಲೆ ಪರೀಕ್ಷೆ. ಫೈಲ್ ಸಿದ್ಧವಾದ ಮೇಲೆ ಕಿವುಡರೊಬ್ಬರು, ಕಿವಿ ಕೇಳುವವರೊಬ್ಬರು ಬೇರೆ ಬೇರೆಯಾಗಿ ಅದನ್ನು ನೋಡಲಿ. ಕಿವುಡರು ಕ್ಯಾಪ್ಷನ್ ಓದಿಕೊಂಡು, ಇನ್ನೊಬ್ಬರು ಕ್ಯಾಪ್ಷನ್ ಇಲ್ಲದೆ ದನಿ ಕೇಳಿಕೊಂಡು. ಇಬ್ಬರೂ ಇಡೀ ಕಥೆಗೆ ಹೊಸಬರಾಗಿರಬೇಕು. ದೃಶ್ಯ ಮುಗಿದ ತಕ್ಷಣ ಇಬ್ಬರಿಗೂ ಅವೇ ಪ್ರಶ್ನೆ ಕೇಳಿ. ಫೋನ್ ಮಾಡಿದವರು ಯಾರು? ವಸುಧಾ ಯಾಕೆ ಹೆದರಿದಳು? ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆ ಎಂದು ನಿಮಗೆ ಅನ್ನಿಸಿದ್ದು ಯಾವಾಗ? "ಅರ್ಥವಾಯಿತಾ?" ಎಂದು ಮಾತ್ರ ಕೇಳಬೇಡಿ. ಅರ್ಧ ಕಥೆ ಕೈತಪ್ಪಿದ್ದರೂ ನಾವು ಹೌದು ಎನ್ನುತ್ತೇವೆ, ಕೈತಪ್ಪಿದ್ದು ಏನೆಂದು ನಮಗೇ ಗೊತ್ತಿರುವುದಿಲ್ಲವಲ್ಲ. ಇಬ್ಬರ ಉತ್ತರ ಎಲ್ಲಿ ಬೇರೆಯಾಯಿತೋ ಅಲ್ಲಿನ ಬ್ರಾಕೆಟ್ಟನ್ನು ತೆರೆದು ನೋಡಿ. ಕಿವುಡರು "ಯಾರೋ ಗಂಡಸು" ಎನ್ನುವ ಬದಲು "ಗಿರೀಶ" ಎಂದರೆ ಅದೂ ತಪ್ಪೇ, ಅದನ್ನೂ ತಿದ್ದಿ.

ಈ ಪರೀಕ್ಷೆಗೆ ಬರುವ ಕಿವುಡ ನೋಡುಗರಿಗೆ ಸಂಬಳ ಕೊಡಿ. ತಿದ್ದುವುದಕ್ಕೆ ಬೇಕಾದ ದಿನಗಳನ್ನು ಬಿಡುಗಡೆಯ ವೇಳಾಪಟ್ಟಿಯಲ್ಲೇ ಸೇರಿಸಿ, ಕ್ಯಾಪ್ಷನ್ ಬರೆಯುವವರ ಒಪ್ಪಂದದಲ್ಲೂ ಅದನ್ನು ಬರೆಯಿರಿ.

ಇಂತಿ,
ಕ್ಯಾಪ್ಷನ್ ಓದಿಯೇ ಕಥೆ ನೋಡುವ ನಿಮ್ಮ ನೋಡುಗ